ಹದಿಹರೆಯದ ಮಕ್ಕಳಿಗೆ ಷೇರು: ಅವರ ಹೆಸರಿನ ಡಿಮ್ಯಾಟ್ ಖಾತೆಯೋ, ನಿಮ್ಮ ಖಾತೆಯೋ, ಮ್ಯೂಚುವಲ್ ಫಂಡೋ?

ಮುಂಬೈ, ಪುಣೆಯ ಕನ್ನಡ ಮನೆಗಳಲ್ಲಿ ಮಕ್ಕಳು ಒಂಬತ್ತು, ಹತ್ತನೇ ತರಗತಿಗೆ ಬರುವ ಹೊತ್ತಿಗೆ ಈ ಮಾತು ಶುರುವಾಗುತ್ತದೆ. ಮಗಳ ಹೆಸರಲ್ಲಿ ನಾಲ್ಕು ಒಳ್ಳೆಯ ಷೇರು ಇಡಬೇಕು ಎಂದು ಅಪ್ಪನಿಗೆ ಆಸೆ. ಊರಿನಲ್ಲಿರುವ ಅಜ್ಜನಿಗೆ ತಮ್ಮ ಹಳೆಯ ಬ್ಯಾಂಕ್ ಷೇರನ್ನು ಮೊಮ್ಮಗನಿಗೆ ಕೊಡುವ ಮನಸ್ಸು. ಮಕ್ಕಳಿಗೋ ಫೋನಿನಲ್ಲಿ ತಾವೇ ಕೊಂಡು ಮಾರುವ ಹುಮ್ಮಸ್ಸು. ಈ ಮೂರು ಆಸೆಗಳಿಗೆ ಕಾನೂನು ಮೂರು ಬೇರೆ ಬೇರೆ ಉತ್ತರ ಕೊಡುತ್ತದೆ. ಪಾಲಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಹಿಡಿದು ಅವನ್ನು ಇಲ್ಲಿ ಬಿಡಿಸಿ ಹೇಳಿದ್ದೇವೆ.

ಹದಿನೈದು ವರ್ಷದ ಮಗಳು ಷೇರಿನ ಒಡತಿ ಆಗಬಹುದೇ?

ಆಗಬಹುದು. ಷೇರು ಹೊಂದಲು ನಮ್ಮಲ್ಲಿ ಕನಿಷ್ಠ ವಯಸ್ಸು ಇಲ್ಲ. ಷೇರನ್ನು ಕಾಗದವಿಲ್ಲದೆ ಗಣಕದ ದಾಖಲೆಯಾಗಿ ಇಡುವ ಡಿಮ್ಯಾಟ್ ಖಾತೆಯನ್ನು ಕೈಗೂಸಿನ ಹೆಸರಲ್ಲೂ ತೆರೆಯಬಹುದು. ಆದರೆ 18 ತುಂಬುವವರೆಗೆ ಅವಳು ಒಪ್ಪಂದ ಮಾಡಿಕೊಳ್ಳುವಂತಿಲ್ಲ. 1872ರ ಭಾರತೀಯ ಒಪ್ಪಂದ ಕಾಯ್ದೆಯ 11ನೇ ಕಲಂ ಹಾಗೆ ಹೇಳುತ್ತದೆ. ಅಪ್ರಾಪ್ತರು ಮಾಡಿದ ಒಪ್ಪಂದಕ್ಕೆ ಬೆಲೆಯೇ ಇಲ್ಲ ಎಂಬುದು 1903ರಿಂದಲೇ ನೆಲೆನಿಂತ ತೀರ್ಪು. ಬ್ರೋಕರ್ ಮೂಲಕ ಷೇರು ಕೊಳ್ಳುವುದು ಒಪ್ಪಂದ, ಕೊಟ್ಟದ್ದನ್ನು ಇಟ್ಟುಕೊಳ್ಳುವುದು ಒಪ್ಪಂದವಲ್ಲ. ಮುಂದಿನ ನಿಯಮಗಳೆಲ್ಲ ಈ ಒಂದು ವ್ಯತ್ಯಾಸದಿಂದಲೇ ಹುಟ್ಟಿದವು.

ಇದೇ ಕಾರಣಕ್ಕೆ ಅವಳ ಹೆಸರಿಗೆ ಬರುವ ಷೇರು ಪೂರ್ತಿ ಹಣ ಕಟ್ಟಿದ್ದಾಗಿರಬೇಕು. ಮುಂದೆ ಕಂತು ಕಟ್ಟಬೇಕಾದ ಷೇರು ಸಾಲದ ಹೊಣೆಯಂತೆ, ಅದನ್ನು ಮಗುವಿನ ತಲೆಗೆ ಕಟ್ಟುವ ಹಾಗಿಲ್ಲ.

ಬ್ಯಾಂಕ್ ಖಾತೆಯ ವಿಷಯ ಹೀಗಿಲ್ಲ. ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಸೂಚನೆಯಂತೆ, ಹತ್ತು ವರ್ಷ ದಾಟಿದ ಮಕ್ಕಳು ಬ್ಯಾಂಕು ಹಾಕಿದ ಮಿತಿಯೊಳಗೆ ತಮ್ಮ ಉಳಿತಾಯ ಖಾತೆಯನ್ನು ತಾವೇ ನಡೆಸಬಹುದು. ಬ್ಯಾಂಕಿನಲ್ಲಿ ಆದದ್ದು ಡಿಮ್ಯಾಟ್‌ನಲ್ಲೂ ಆದೀತು ಎಂದು ಹಲವರು ಅಂದುಕೊಳ್ಳುತ್ತಾರೆ. ಅಲ್ಲಿ ಹದಿನೇಳು ವರ್ಷ ಹನ್ನೊಂದು ತಿಂಗಳಾದರೂ ಸಹಿ ಗಾರ್ಡಿಯನ್‌ದೇ.

ಅಮೆರಿಕದಲ್ಲಿರುವ ನಾದಿನಿ "ಕಸ್ಟೋಡಿಯಲ್ ಅಕೌಂಟ್" ತೆರೆಯಿರಿ ಅನ್ನುತ್ತಾರೆ. ಅದು ಇಲ್ಲಿ ಸಿಗುತ್ತದೆಯೇ?

ಆ ಹೆಸರಿನಲ್ಲಿ ಸಿಗುವುದಿಲ್ಲ. ಅಮೆರಿಕದ ರಾಜ್ಯಗಳಲ್ಲಿ ಅಪ್ರಾಪ್ತರಿಗೆ ಆಸ್ತಿ ಕೊಡುವುದಕ್ಕೆಂದೇ ಕಾನೂನುಗಳಿವೆ. ದೊಡ್ಡವರೊಬ್ಬರು ಕಸ್ಟೋಡಿಯನ್ ಆಗಿ ಮಗುವಿನ ಪರವಾಗಿ ಕೊಳ್ಳುತ್ತಾರೆ, ಮಾರುತ್ತಾರೆ. ರಾಜ್ಯದ ಕಾನೂನು ಹೇಳಿದ ವಯಸ್ಸಿನಲ್ಲಿ, ಹೆಚ್ಚಿನ ಕಡೆ 18 ಅಥವಾ 21ಕ್ಕೆ, ಖಾತೆ ಮಗುವಿನ ಕೈಗೆ ಹೋಗುತ್ತದೆ. ನಮ್ಮ ಷೇರುಪೇಟೆಯಲ್ಲಿ ಕಸ್ಟೋಡಿಯನ್ ಎಂದರೆ ಮ್ಯೂಚುವಲ್ ಫಂಡ್, ವಿದೇಶಿ ಹೂಡಿಕೆ ಸಂಸ್ಥೆಗಳ ಷೇರು ಕಾಯುವ ದೊಡ್ಡ ಸಂಸ್ಥೆ. ಮನೆಯವರಿಗೂ ಅದಕ್ಕೂ ಸಂಬಂಧವಿಲ್ಲ.

ನಮ್ಮಲ್ಲಿ ಆ ಜಾಗದಲ್ಲಿರುವುದು ಗಾರ್ಡಿಯನ್ ನಡೆಸುವ ಮೈನರ್ ಡಿಮ್ಯಾಟ್ ಖಾತೆ. ಮೊದಲ ಮತ್ತು ಏಕೈಕ ಹೆಸರು ಮಗುವಿನದು. ಜಂಟಿ ಹೆಸರು ಸೇರಿಸಲು ಬರುವುದಿಲ್ಲ. ಗಾರ್ಡಿಯನ್ ಆಗಿ ಅಪ್ಪ ಅಥವಾ ಅಮ್ಮ ಇರುತ್ತಾರೆ, ಇಲ್ಲವೇ ಕೋರ್ಟು ನೇಮಿಸಿದವರು. ಅಜ್ಜ, ಸೋದರಮಾವ, ಚಿಕ್ಕಪ್ಪ ಎಷ್ಟೇ ಹತ್ತಿರದವರಾದರೂ ಕೋರ್ಟಿನ ಆದೇಶವಿಲ್ಲದೆ ಗಾರ್ಡಿಯನ್ ಆಗಿ ಸಹಿ ಹಾಕಲಾರರು.

ಅಮೆರಿಕದ ಖಾತೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಎಂದರೆ, ಅಲ್ಲಿ ಕಸ್ಟೋಡಿಯನ್ ಪೇಟೆಯಲ್ಲಿ ಮಗುವಿಗಾಗಿ ಷೇರು ಕೊಳ್ಳುತ್ತಾರೆ, ಇಲ್ಲಿ ಹಾಗೆ ಕೊಳ್ಳಲು ಬರುವುದಿಲ್ಲ. ಮಗುವಿನ ಹೆಸರಿನ ಟ್ರೇಡಿಂಗ್ ಖಾತೆ ಇರುವುದು ಮಾರುವುದಕ್ಕೆ ಮಾತ್ರ. ಕಂಪನಿ ಮೊದಲ ಸಲ ಜನರಿಗೆ ಷೇರು ಕೊಡುವ ಐಪಿಒ, ಉಡುಗೊರೆ, ವಾರಸುದಾರಿಕೆ, ಬೋನಸ್ ಮೊದಲಾದ ದಾರಿಯಲ್ಲಿ ಬಂದ ಷೇರನ್ನು ಗಾರ್ಡಿಯನ್ ಮಾರಬಹುದು. ಇಂಟ್ರಾಡೇ, ಫ್ಯೂಚರ್ಸ್, ಆಪ್ಷನ್ಸ್ ಅಂತೂ ಇಲ್ಲವೇ ಇಲ್ಲ. ಖಾತೆ ತೆರೆದು, ದುಡ್ಡು ಹಾಕಿ, ಆಮೇಲೆ ಕೊಳ್ಳುವ ಗುಂಡಿ ಕೆಲಸ ಮಾಡುತ್ತಿಲ್ಲವೆಂದು ದೂರು ಕೊಡುವವರಿಗೆ ಇದೇ ಉತ್ತರ.

ಹಾಗಾದರೆ ನಮ್ಮ ಮುಂದಿರುವ ದಾರಿಗಳು ಯಾವುವು?

ನಿಜವಾಗಿ ಮೂರು.

ಮೊದಲನೆಯದು, ಷೇರನ್ನು ನಿಮ್ಮದೇ ಡಿಮ್ಯಾಟ್‌ನಲ್ಲಿ ಇಟ್ಟುಕೊಂಡು, ಇದು ಮಗಳದ್ದು ಎಂದು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳುವುದು. ಅವಳ ಜೊತೆ ಕೂತು ಕಂಪನಿ ಆರಿಸಬಹುದು, ಪ್ರತಿ ತಿಂಗಳು ಕೊಳ್ಳಬಹುದು, ಬೇಡವೆನಿಸಿದರೆ ಮಾರಬಹುದು. ಒಡೆತನ, ತೆರಿಗೆ, ತೀರ್ಮಾನ ಎಲ್ಲ ನಿಮ್ಮದು. ನಾಳೆ ಮನೆಯಲ್ಲಿ ಕಾಯಿಲೆ ಬಿದ್ದರೆ ಆ ದುಡ್ಡನ್ನು ಯಾರ ಲೆಕ್ಕಕ್ಕೂ ಕೊಡದೆ ಬಳಸಬಹುದು. ಅವಳಿಗೆ 18 ಆದ ಮೇಲೆ ಯಾವಾಗ ಬೇಕಾದರೂ ಉಡುಗೊರೆಯಾಗಿ ವರ್ಗಾಯಿಸಬಹುದು.

ಈ ದಾರಿಯಲ್ಲಿ ಒಂದು ತಪ್ಪು ನಂಬಿಕೆ ಇದೆ. ಮಗಳನ್ನು ನಾಮಿನಿ ಮಾಡಿದರೆ ಷೇರು ಅವಳದಾಯಿತು ಎಂದುಕೊಳ್ಳುತ್ತಾರೆ. ನಾಮಿನಿ ಷೇರನ್ನು ಸ್ವೀಕರಿಸುವವರು ಮಾತ್ರ, ಒಡೆಯರಲ್ಲ. ಮುಂಬೈಯದೇ ಆದ ಶಕ್ತಿ ಯೆಜ್ದಾನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಇದನ್ನು ಖಚಿತಪಡಿಸಿತು. ನಿಮ್ಮ ನಂತರ ಆ ಷೇರು ಅವಳಿಗೇ ಸೇರಬೇಕೆಂದಿದ್ದರೆ ಉಯಿಲಿನಲ್ಲಿ ಬರೆಯಬೇಕು.

ಎರಡನೆಯದು ಮೈನರ್ ಡಿಮ್ಯಾಟ್. ಇಲ್ಲಿ ಷೇರು ಅವತ್ತಿನಿಂದಲೇ ಅವಳದು. ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲು ಬರುವುದಿಲ್ಲ. ನೀವು ಮಾರಿದರೂ ದುಡ್ಡು ಅವಳದು, ಅವಳ ಹಿತಕ್ಕೇ ಬಳಸಬೇಕು. 18 ತುಂಬಿದ ದಿನ ನಿಮ್ಮ ಅಧಿಕಾರ ಮುಗಿಯುತ್ತದೆ. ಅವಳು ಇಂಜಿನಿಯರಿಂಗ್ ಫೀಸು ಕಟ್ಟುತ್ತಾಳೋ, ಸ್ಕೂಟರ್ ಕೊಳ್ಳುತ್ತಾಳೋ, ಅದು ಅವಳ ನಿರ್ಧಾರ. ಇದನ್ನು ಒಪ್ಪುವ ಮನಸ್ಸಿದ್ದರೆ ಮಾತ್ರ ಈ ದಾರಿ ಹಿಡಿಯಿರಿ. ತೆರಿಗೆ ಉಳಿಯುತ್ತದೆಂಬ ಆಸೆಗೆ ಹಿಡಿಯಬೇಡಿ, ಅದು ಉಳಿಯುವುದಿಲ್ಲ. ಲೆಕ್ಕ ಮುಂದೆ ಇದೆ.

ಮೂರನೆಯದು, ಮಗುವಿನ ಹೆಸರಿನ ಮ್ಯೂಚುವಲ್ ಫಂಡ್. ಒಡೆತನದಲ್ಲಿ ಎರಡನೆಯದರಂತೆಯೇ, ಆದರೆ ಇಲ್ಲಿ ಪ್ರತಿ ತಿಂಗಳು ಎಸ್‌ಐಪಿ ಕಟ್ಟಬಹುದು. 2023ರ ಜೂನ್‌ನಿಂದ ಅಪ್ಪ ಅಮ್ಮನ ಖಾತೆಯಿಂದಲೂ ಹಣ ಹಾಕಲು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಒಪ್ಪಿದೆ. ಮಾರಿದ ಹಣ ಮಾತ್ರ ಮಗುವಿನದೇ ಬ್ಯಾಂಕ್ ಖಾತೆಗೆ ಹೋಗುತ್ತದೆ, ನಿಮ್ಮದಕ್ಕಲ್ಲ. ಕೈಯಲ್ಲಿ ಷೇರು ಇಲ್ಲ, ತಿಂಗಳಿಗೆ ಎರಡು ಮೂರು ಸಾವಿರ ಉಳಿಸುವ ಯೋಚನೆ ಮಾತ್ರ ಇದೆ ಎಂಬ ಮನೆಗೆ ಮೈನರ್ ಡಿಮ್ಯಾಟ್‌ಗಿಂತ ಇದೇ ಸರಿ ಎನ್ನುವುದು ನಮ್ಮ ಅಭಿಪ್ರಾಯ. ಕೊಳ್ಳಲಾಗದ ಖಾತೆಯಲ್ಲಿ ಉಳಿತಾಯ ಬೆಳೆಸಲು ಆಗುವುದಿಲ್ಲ.

ತೆರಿಗೆ ಯಾರು ಕಟ್ಟಬೇಕು? ಮಗುವಿಗೆ ಬೇರೆ ಪ್ಯಾನ್ ಇದೆಯಲ್ಲ?

ಪ್ಯಾನ್ ಬೇರೆ ಇದ್ದರೂ ತೆರಿಗೆ ನಿಮ್ಮದೇ. ಅಪ್ರಾಪ್ತ ಮಗುವಿನ ಆದಾಯ ಅಪ್ಪ ಅಮ್ಮನಲ್ಲಿ ಯಾರ ಆದಾಯ ಹೆಚ್ಚೋ ಅವರದಕ್ಕೆ ಸೇರುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದು 64(1ಎ) ಕಲಂ, 2025ರ ಹೊಸ ಕಾಯ್ದೆಯಲ್ಲೂ ತತ್ವ ಅದೇ. ಮಗು ಸ್ವಂತ ದುಡಿಮೆಯಿಂದ ಅಥವಾ ಪ್ರತಿಭೆಯಿಂದ ಗಳಿಸಿದ್ದು ಸೇರುವುದಿಲ್ಲ. ಕಾಯ್ದೆ ಹೇಳಿದ ಅಂಗವೈಕಲ್ಯ ಇರುವ ಮಗುವಿನ ಆದಾಯವೂ ಸೇರುವುದಿಲ್ಲ. ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಒಂದು ಮಗುವಿಗೆ ವರ್ಷಕ್ಕೆ 1,500 ರೂಪಾಯಿ ವಿನಾಯಿತಿ ಇದೆ, ಹೊಸ ಪದ್ಧತಿ ಆರಿಸಿಕೊಂಡವರಿಗೆ ಅದೂ ಇಲ್ಲ.

ಒಂದು ಲೆಕ್ಕ ಮಾಡೋಣ. ಡೊಂಬಿವಲಿಯ ಒಂದು ಮನೆ ಎಂದಿಟ್ಟುಕೊಳ್ಳಿ. ಅಪ್ಪ ಕಂಪನಿಯಲ್ಲಿ ಕೆಲಸ, ಹೊಸ ಪದ್ಧತಿಯಲ್ಲಿ ಶೇ 30ರ ಹಂತದಲ್ಲಿದ್ದಾರೆ. ಅಮ್ಮ ಮನೆಯಲ್ಲಿ ಟ್ಯೂಷನ್ ಹೇಳುತ್ತಾರೆ, ಆದಾಯ ಕಡಿಮೆ. ಮಗಳು ಹುಟ್ಟಿದ್ದು 2010ರ ಜೂನ್ 10. ಅಪ್ಪ 2022ರಲ್ಲಿ ಒಂದು ಕಂಪನಿಯ 100 ಷೇರನ್ನು ತಲಾ 400 ರೂಪಾಯಿಗೆ ಕೊಂಡಿದ್ದರು. 2025ರ ಡಿಸೆಂಬರ್‌ನಲ್ಲಿ ಬೆಲೆ 1,200 ಇದ್ದಾಗ ಅದನ್ನು ಮಗಳ ಮೈನರ್ ಡಿಮ್ಯಾಟ್‌ಗೆ ಉಡುಗೊರೆಯಾಗಿ ವರ್ಗಾಯಿಸಿದರು. ಅಪ್ಪ ಮಗಳಿಗೆ ಕೊಟ್ಟ ಉಡುಗೊರೆಗೆ ತೆರಿಗೆ ಇಲ್ಲ. ಅಪ್ಪನಿಗೂ ಆ ಹೊತ್ತಿನಲ್ಲಿ ಲಾಭದ ತೆರಿಗೆ ಬರುವುದಿಲ್ಲ, ಏಕೆಂದರೆ ಅದು ಮಾರಾಟವಲ್ಲ.

ಮಗಳ ಖಾತೆಗೆ ಬಂದ ಷೇರಿಗೆ ಮೂಲಬೆಲೆ 1,200 ಅಲ್ಲ, ಅಪ್ಪ ಕೊಂಡ 400. ಇಟ್ಟುಕೊಂಡ ಅವಧಿಯೂ ಅಪ್ಪ ಕೊಂಡ ದಿನದಿಂದಲೇ ಎಣಿಕೆ. ಎಷ್ಟೋ ಬ್ರೋಕರ್‌ಗಳ ಪರದೆಯಲ್ಲಿ ವರ್ಗಾವಣೆಯಾಗಿ ಬಂದ ಷೇರಿನ ಕೊಂಡ ಬೆಲೆ ಖಾಲಿ ಇರುತ್ತದೆ, ಅಥವಾ ವರ್ಗಾವಣೆಯ ದಿನದ ಬೆಲೆ ಕಾಣುತ್ತದೆ. ಅದನ್ನೇ ನಂಬಿ ರಿಟರ್ನ್ ತುಂಬಿದರೆ ಲೆಕ್ಕ ತಪ್ಪುತ್ತದೆ. ಅಪ್ಪನ 2022ರ ಕಾಂಟ್ರಾಕ್ಟ್ ನೋಟನ್ನು ಈಗಲೇ ಇಳಿಸಿ ಮಗಳ ಫೈಲಿನಲ್ಲಿ ಇಡಿ.

ಈಗ ಮಗಳಿಗೆ 16 ಇರುವಾಗ, 2027ರ ಫೆಬ್ರವರಿಯಲ್ಲಿ, ಷೇರನ್ನು 1,500ಕ್ಕೆ ಮಾರಿದರು ಎನ್ನಿ. ಒಂದು ಷೇರಿಗೆ 1,100 ಲಾಭ, ಒಟ್ಟು 1,10,000. ವರ್ಷ ದಾಟಿದ್ದರಿಂದ ಇದು ದೀರ್ಘಾವಧಿ ಲಾಭ. ಈ ಲಾಭಕ್ಕೆ ವರ್ಷಕ್ಕೆ 1,25,000ದವರೆಗೆ ತೆರಿಗೆ ಇಲ್ಲ, ಮೇಲಿನದಕ್ಕೆ ಶೇ 12.5. ಮಗಳ ಲಾಭ ಮಿತಿಯೊಳಗೇ ಇದೆಯಲ್ಲ ಎಂದು ನಿಟ್ಟುಸಿರು ಬಿಡುವ ಹಾಗಿಲ್ಲ. ಅದು ಅಪ್ಪನ ಲೆಕ್ಕಕ್ಕೆ ಸೇರುತ್ತದೆ, ಆ ವರ್ಷ ಅಪ್ಪನಿಗೆ ಸ್ವಂತ ಷೇರಿನಿಂದಲೂ 60,000 ಲಾಭ ಬಂದಿದೆ. ಎರಡೂ ಸೇರಿ 1,70,000. ವಿನಾಯಿತಿ ಒಂದೇ ಸಲ ಸಿಗುವುದರಿಂದ 45,000ಕ್ಕೆ ತೆರಿಗೆ: 5,625 ಮತ್ತು ಅದರ ಮೇಲೆ ಶೇ 4ರ ಸೆಸ್ 225, ಒಟ್ಟು 5,850 ರೂಪಾಯಿ. ಷೇರು ಅಪ್ಪನ ಖಾತೆಯಲ್ಲೇ ಇದ್ದಿದ್ದರೂ ಇಷ್ಟೇ ಆಗುತ್ತಿತ್ತು.

ಅದೇ ಷೇರನ್ನು 2028ರ ಆಗಸ್ಟ್‌ನಲ್ಲಿ, 18 ತುಂಬಿದ ಮೇಲೆ, ಮಗಳೇ ಅದೇ ಬೆಲೆಗೆ ಮಾರಿದರೆ? ಈಗಿನ ದರವೇ ಮುಂದುವರಿದರೆ ಲಾಭ ಅವಳ ಪ್ಯಾನ್‌ಗೆ, ವಿನಾಯಿತಿ ಅವಳದು, ತೆರಿಗೆ ಸೊನ್ನೆ. ಆದರೆ ಈ ಅನುಕೂಲಕ್ಕೆ ಷೇರು ಸುಮಾರು ಮೂರು ವರ್ಷ ಮೊದಲೇ ಅವಳ ಹೆಸರಿಗೆ ಹೋಗಬೇಕಾಗಿರಲಿಲ್ಲ. ಅಪ್ಪ 2028ರ ಜುಲೈನಲ್ಲಿ ವರ್ಗಾಯಿಸಿದ್ದರೂ ಮೂಲಬೆಲೆ, ಅವಧಿ ಎರಡೂ ಹಾಗೆಯೇ ಬರುತ್ತಿದ್ದವು. ತೆರಿಗೆಯ ದೃಷ್ಟಿಯಿಂದ ಮೈನರ್ ಡಿಮ್ಯಾಟ್‌ಗೆ ಅವಸರ ಮಾಡುವುದರಲ್ಲಿ ಗಿಟ್ಟುವುದು ಏನೂ ಇಲ್ಲ ಎನ್ನುವುದು ಇದಕ್ಕೇ.

18 ತುಂಬುವ ವರ್ಷವನ್ನು ಎರಡಾಗಿ ಕತ್ತರಿಸಿ ನೋಡಬೇಕು. ಹುಟ್ಟುಹಬ್ಬದ ಹಿಂದಿನ ದಿನದವರೆಗೆ ಬಂದ ಲಾಭ, ಡಿವಿಡೆಂಡ್ ಅಪ್ಪನ ಲೆಕ್ಕಕ್ಕೆ, ಆ ದಿನದಿಂದ ಮುಂದಿನದು ಮಗಳ ಲೆಕ್ಕಕ್ಕೆ. ಮಾರುವುದಿದ್ದರೆ ಕೆಲವು ವಾರ ತಾಳುವುದು ಕೆಲವೊಮ್ಮೆ ಲಾಭದ ಮಾತು.

ಪಾಲಕರು ಹೆಚ್ಚಾಗಿ ಎಡವುವ ಜಾಗ ಬೇರೆ. ಮಗುವಿನ ವ್ಯವಹಾರ ಮಗುವಿನ ಪ್ಯಾನ್‌ನಲ್ಲಿ ದಾಖಲಾಗುತ್ತದೆ. ನೀವು ರಿಟರ್ನ್ ತುಂಬುವಾಗ ನೋಡುವ, ತೆರಿಗೆ ಇಲಾಖೆ ಕೊಡುವ ವಾರ್ಷಿಕ ಮಾಹಿತಿ ಪಟ್ಟಿಯಾದ ನಿಮ್ಮ ಎಐಎಸ್‌ನಲ್ಲಿ ಅದು ಕಾಣುವುದಿಲ್ಲ, ಹಾಗಾಗಿ ಮರೆತೇ ಹೋಗುತ್ತದೆ. ಮಗುವಿನ ಬ್ರೋಕರ್ ಸ್ಟೇಟ್‌ಮೆಂಟನ್ನೂ ಬ್ಯಾಂಕ್ ಪಾಸ್‌ಬುಕ್ಕನ್ನೂ ಪಕ್ಕದಲ್ಲಿ ಇಟ್ಟುಕೊಂಡೇ ರಿಟರ್ನ್‌ಗೆ ಕೂರಿ. ಮೇಲಿನ ಅಪ್ಪನಂಥವರು ಐಟಿಆರ್-2ರಲ್ಲಿ Schedule SPI ಎಂಬ ಪುಟದಲ್ಲಿ ಮಗುವಿನ ಹೆಸರು, ಪ್ಯಾನ್, ಸಂಬಂಧ, ಮೊತ್ತ ಬರೆಯಬೇಕು.

ಅಜ್ಜ ಕೊಟ್ಟ ಷೇರಾದರೆ?

ಆಗಲೂ ಆದಾಯ ಸೇರುವುದು ಅಪ್ಪ ಅಥವಾ ಅಮ್ಮನಿಗೆ, ಅಜ್ಜನಿಗಲ್ಲ. ಕೊಟ್ಟವರು ಯಾರು ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಉಡುಪಿ, ಮಂಗಳೂರು ಕಡೆಯ ಹಿರಿಯರ ಪೆಟ್ಟಿಗೆಯಲ್ಲಿ ಇನ್ನೂ ಕಾಗದದ ಷೇರುಪತ್ರ ಇರುವುದುಂಟು. ಅದನ್ನು ನೇರವಾಗಿ ಮೊಮ್ಮಗನ ಹೆಸರಿಗೆ ಬರೆಸಿಕೊಡಲು ಆಗುವುದಿಲ್ಲ. 2019ರ ಏಪ್ರಿಲ್ 1ರಿಂದ ಕಾಗದದ ರೂಪದಲ್ಲಿ ವರ್ಗಾವಣೆ ನಿಂತಿದೆ. ಮೊದಲು ಅಜ್ಜನ ಹೆಸರಲ್ಲೇ ಡಿಮ್ಯಾಟ್ ಖಾತೆ ತೆರೆದು, ಪತ್ರಗಳನ್ನು ಡಿಮ್ಯಾಟ್ ಮಾಡಿಸಿ, ಆಮೇಲೆ ಮೊಮ್ಮಗನ ಖಾತೆಗೆ ಉಡುಗೊರೆಯಾಗಿ ಕಳಿಸಬೇಕು. ಷೇರುಪತ್ರದಲ್ಲಿ ಅಜ್ಜಿಯ ಹೆಸರೂ ಜಂಟಿಯಾಗಿದ್ದರೆ ಡಿಮ್ಯಾಟ್ ಖಾತೆಯಲ್ಲೂ ಅದೇ ಎರಡು ಹೆಸರು ಇರಬೇಕು. ಅಜ್ಜ ಕೈಯಾರೆ ಸಹಿ ಮಾಡುವಷ್ಟು ಗಟ್ಟಿಯಿರುವಾಗಲೇ ಇದನ್ನು ಮುಗಿಸಿಕೊಳ್ಳಿ. ನಂತರ ಅದು ವಾರಸುದಾರರ ಪತ್ರಗಳ ದೊಡ್ಡ ಓಡಾಟವಾಗುತ್ತದೆ.

ಮೈನರ್ ಡಿಮ್ಯಾಟ್ ತೆರೆಯಲು ಏನೇನು ಬೇಕು? ಅರ್ಜಿ ಏಕೆ ವಾಪಸ್ ಬರುತ್ತದೆ?

ಮಗುವಿನ ಪ್ಯಾನ್, ಆಧಾರ್, ಹುಟ್ಟಿದ ದಿನಾಂಕ ಮತ್ತು ಪಾಲಕರ ಹೆಸರು ಇರುವ ದಾಖಲೆ, ಮಗುವಿನ ಹೆಸರಿನ ಬ್ಯಾಂಕ್ ಖಾತೆ, ಫೋಟೊ. ಗಾರ್ಡಿಯನ್‌ದು ಪೂರ್ತಿ ಕೆವೈಸಿ ಮತ್ತು ಸಹಿ. ಹಲವು ಬ್ರೋಕರ್‌ಗಳು ಮಕ್ಕಳ ಖಾತೆಯನ್ನು ಆನ್‌ಲೈನಿನಲ್ಲಿ ಪೂರ್ತಿ ಮುಗಿಸುವುದಿಲ್ಲ, ಫಾರ್ಮ್ ಮುದ್ರಿಸಿ ಸಹಿ ಹಾಕಿ ಕಳಿಸಬೇಕಾಗುತ್ತದೆ. ಗಾರ್ಡಿಯನ್‌ದೇ ಮೊಬೈಲ್ ನಂಬರ್ ಕೊಡುವುದಾದರೆ, ಇದು ಕುಟುಂಬದ ನಂಬರ್ ಎಂಬ ಘೋಷಣೆಗೆ ಸಹಿ ಮಾಡಿ. ಇಲ್ಲವಾದರೆ ಆ ನಂಬರ್ ಬೇರೆ ಖಾತೆಯಲ್ಲಿದೆ ಎಂದು ತಡೆಯುತ್ತಾರೆ.

ಪಟ್ಟಿ ಇಷ್ಟೇ. ತೊಡಕು ಇರುವುದು ಹೆಸರಿನಲ್ಲಿ, ಅದರಲ್ಲೂ ನಮ್ಮವರ ಮಕ್ಕಳ ಹೆಸರಿನಲ್ಲಿ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂದು ಅಮ್ಮ ಹುಬ್ಬಳ್ಳಿಗೋ ಕುಂದಾಪುರಕ್ಕೋ ಹೋಗಿರುತ್ತಾರೆ. ಜನನ ಪ್ರಮಾಣಪತ್ರ ಕರ್ನಾಟಕದ್ದು. ನಾಮಕರಣಕ್ಕೆ ಮೊದಲೇ ನೋಂದಣಿಯಾಗಿದ್ದರೆ ಮಗುವಿನ ಹೆಸರಿನ ಜಾಗವೇ ಖಾಲಿ. ಮುಂದೆ ಮಹಾರಾಷ್ಟ್ರದ ಶಾಲೆಯಲ್ಲಿ ಅಡ್ಡಹೆಸರು ಮೊದಲು, ಮಗುವಿನ ಹೆಸರು ನಡುವೆ, ಅಪ್ಪನ ಹೆಸರು ಕೊನೆಗೆ ಎಂಬ ಕ್ರಮದಲ್ಲಿ ಬರೆಸಿಕೊಳ್ಳುತ್ತಾರೆ. ಆಧಾರ್ ಮಾಡಿಸಿದಾಗ ಊರಿನ ವಾಡಿಕೆಯಂತೆ ಇನಿಷಿಯಲ್ ಹಾಕಿ ಬರೆಸಿರುತ್ತಾರೆ. ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕು. ಹೀಗೆ ಒಂದೇ ಮಗುವಿಗೆ ನಾಲ್ಕು ಕಡೆ ನಾಲ್ಕು ಹೆಸರು. ಡಿಮ್ಯಾಟ್ ಅರ್ಜಿ ವಾಪಸ್ ಬರುವುದು ಇಲ್ಲಿಂದಲೇ.

ಸರಿಪಡಿಸುವಾಗ ಕ್ರಮ ಮುಖ್ಯ. ಮೊದಲು ಜನನ ಪ್ರಮಾಣಪತ್ರ ನೋಡಿ. ಹೆಸರಿನ ಜಾಗ ಖಾಲಿಯಿದ್ದರೆ ಸೇರಿಸಲು ನಿಯಮದಲ್ಲಿ ಸಾಮಾನ್ಯವಾಗಿ ನೋಂದಣಿಯಿಂದ 15 ವರ್ಷದ ಮಿತಿ ಇದೆ. ಮಗು ಹದಿಮೂರು ಹದಿನಾಲ್ಕರಲ್ಲಿದ್ದರೆ ಷೇರಿನ ಮಾತು ಬದಿಗಿಟ್ಟು ಮೊದಲು ಈ ಕೆಲಸಕ್ಕೆ ಊರಿಗೆ ಹೋಗಿಬನ್ನಿ. ಆಮೇಲೆ ಹತ್ತನೆಯ ತರಗತಿಯ ಎಸ್‌ಎಸ್‌ಸಿ ದಾಖಲೆಯಲ್ಲಿ ಹೆಸರು ಹೇಗೆ ಬರಲಿದೆ ಎಂದು ಶಾಲೆಯಲ್ಲಿ ಕೇಳಿ, ಅದೇ ಹೆಸರಿಗೆ ಆಧಾರ್ ತಿದ್ದಿಸಿ. ಹದಿನೈದಕ್ಕೆ ಹೇಗೂ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕಲ್ಲ, ಹೆಸರಿನ ತಿದ್ದುಪಡಿಯನ್ನೂ ಅದೇ ಸಲ ಮುಗಿಸಿ. ಪ್ಯಾನ್ ಅರ್ಜಿ ಹಾಕುವುದು ಕೊನೆಗೆ, ಆಧಾರ್‌ನಲ್ಲಿರುವ ಹೆಸರಿಗೇ. ಈ ಕ್ರಮವನ್ನು ತಿರುವು ಮುರುವು ಮಾಡಿ ಮೊದಲು ಪ್ಯಾನ್ ಮಾಡಿಸಿದವರು ಅದನ್ನು ಎರಡು ಸಲ ತಿದ್ದಿಸಬೇಕಾಗುತ್ತದೆ.

ವಾರ್ಷಿಕ ಶುಲ್ಕದ ಚಿಂತೆ ಬೇಡ. ಖಾತೆಯನ್ನು ಬೇಸಿಕ್ ಸರ್ವಿಸ್ ಡಿಮ್ಯಾಟ್ ಎಂದು ತೆರೆಸಿದರೆ 4 ಲಕ್ಷ ರೂಪಾಯಿ ಮೌಲ್ಯದವರೆಗೆ ಶುಲ್ಕವಿಲ್ಲ, 10 ಲಕ್ಷದವರೆಗೆ ವರ್ಷಕ್ಕೆ 100. ಇದು ಪ್ಯಾನ್ ಲೆಕ್ಕದಲ್ಲಿ ಒಬ್ಬರಿಗೆ ಒಂದು. ನಿಮಗೆ ಇದ್ದರೂ ಮಗುವಿಗೆ ಬೇರೆ ಸಿಗುತ್ತದೆ.

ನಮ್ಮ ಖಾತೆಯಿಂದ ಮಗುವಿನ ಖಾತೆಗೆ ಷೇರು ಕಳಿಸುವುದು ಹೇಗೆ?

ಇದನ್ನು ಆಫ್ ಮಾರ್ಕೆಟ್ ವರ್ಗಾವಣೆ ಎನ್ನುತ್ತಾರೆ. ಆನ್‌ಲೈನಿನಲ್ಲಿ ಮಾಡಬಹುದು, ಬ್ರೋಕರ್ ಕೊಟ್ಟ ಡೆಲಿವರಿ ಸ್ಲಿಪ್ ತುಂಬಿಯೂ ಮಾಡಬಹುದು. ಡಿಮ್ಯಾಟ್ ಷೇರಿನ ದಾಖಲೆ ಇಡುವ ಡಿಪಾಸಿಟರಿಗಳು ಎರಡು. ಮಗುವಿನ ಖಾತೆ ಸಿಡಿಎಸ್‌ಎಲ್‌ನಲ್ಲಿದ್ದರೆ ಸಂಖ್ಯೆ 16 ಅಂಕಿ, ಎನ್‌ಎಸ್‌ಡಿಎಲ್‌ನಲ್ಲಿದ್ದರೆ IN ಎಂದು ಶುರುವಾಗುತ್ತದೆ. ನಿಮ್ಮದು ಒಂದರಲ್ಲಿ, ಮಗುವಿನದು ಇನ್ನೊಂದರಲ್ಲಿ ಇದ್ದರೆ ಸ್ಲಿಪ್‌ನಲ್ಲಿ ಅಂತರ ಡಿಪಾಸಿಟರಿ ವರ್ಗಾವಣೆಯ ಜಾಗವನ್ನೇ ತುಂಬಬೇಕು. ಷೇರಿನ 12 ಅಕ್ಷರದ ಐಸಿನ್ ಸಂಖ್ಯೆ, ಎಷ್ಟು ಷೇರು, ಕಾರಣ ಗಿಫ್ಟ್ ಎಂದು ಬರೆಯಿರಿ. ಕಳಿಸುವವರ ಮೊಬೈಲಿಗೆ ಒಟಿಪಿ ಬರುತ್ತದೆ, ಅದನ್ನು ಒಪ್ಪದಿದ್ದರೆ ವರ್ಗಾವಣೆ ಆಗುವುದಿಲ್ಲ. ಅಜ್ಜನ ಖಾತೆಯಿಂದ ಕಳಿಸುವಾಗ ಅಜ್ಜನ ಫೋನು ಕೈಗೆ ಸಿಗುವಂತಿರಲಿ.

ಕಾರಣದ ಜಾಗದಲ್ಲಿ ಗಿಫ್ಟ್ ಬದಲು ಮಾರಾಟ ಎಂದು ಗುರುತು ಹಾಕಿದರೆ ಹಣದ ವಿವರ ಕೇಳುತ್ತಾರೆ, ಸ್ಟಾಂಪ್ ಶುಲ್ಕ ಬೀಳುತ್ತದೆ, ತೆರಿಗೆಯವರ ಕಣ್ಣಿಗೂ ಅದು ಮಾರಾಟವಾಗಿಯೇ ಕಾಣುತ್ತದೆ. ಒಂದು ಬಿಳಿ ಹಾಳೆಯಲ್ಲಿ ಯಾರಿಂದ ಯಾರಿಗೆ, ಯಾವ ಷೇರು, ಎಷ್ಟು, ಯಾವ ದಿನ, ಮೊದಲು ಕೊಂಡ ಬೆಲೆ ಎಷ್ಟು ಎಂದು ಬರೆದು ಇಬ್ಬರ ಸಹಿಯೊಂದಿಗೆ ಇಟ್ಟುಕೊಳ್ಳಿ.

ಐಪಿಒಗೆ ಮಗುವಿನ ಹೆಸರಲ್ಲಿ ಅರ್ಜಿ ಹಾಕಬಹುದೇ?

ಗಾರ್ಡಿಯನ್ ಮೂಲಕ ಹಾಕಬಹುದು. ಒಂದು ಪ್ಯಾನ್‌ಗೆ ಒಂದೇ ಅರ್ಜಿ ಆದ್ದರಿಂದ ಮಗುವಿನದು ಬೇರೆಯೇ ಅರ್ಜಿಯಾಗಿ ಪರಿಗಣನೆ. ಹಣ ತಡೆಹಿಡಿಯಬೇಕಾದದ್ದು ಮಗುವಿನದೇ ಬ್ಯಾಂಕ್ ಖಾತೆಯಲ್ಲಿ. ಅಪ್ಪನ ಯುಪಿಐನಿಂದ ಹಾಕಿದರೆ ಬೇರೆಯವರ ಖಾತೆ ಎಂದು ತಿರಸ್ಕಾರವಾಗುತ್ತದೆ. ಹೀಗೆ ಖಾತೆಯಲ್ಲೇ ಹಣ ತಡೆಹಿಡಿಯುವ ಪದ್ಧತಿಗೆ ಆಸ್ಬಾ ಎಂದು ಹೆಸರು. ಮಕ್ಕಳ ಖಾತೆಯಿಂದ ಆಸ್ಬಾ ಅರ್ಜಿಗೆ ಬ್ಯಾಂಕು ಅವಕಾಶ ಕೊಡುತ್ತದೆಯೇ ಎಂದು ಶಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ.

ಮಗ ನನ್ನ ಲಾಗಿನ್‌ನಲ್ಲೇ ಟ್ರೇಡ್ ಮಾಡುತ್ತೇನೆ ಅನ್ನುತ್ತಾನೆ. ಕಲಿಯಲಿ ಎಂದು ಬಿಡಬಹುದೇ?

ಬಿಡಬೇಡಿ. ಅವನು ಒತ್ತಿದ ಪ್ರತಿ ಆರ್ಡರ್ ಕಾನೂನಿನ ಕಣ್ಣಲ್ಲಿ ನಿಮ್ಮದು. ನಷ್ಟ, ತೆರಿಗೆ, ಬ್ರೋಕರ್‌ಗೆ ಬಾಕಿ ಎಲ್ಲವೂ ನಿಮ್ಮ ಮೇಲೆ. ಆಪ್ಷನ್ ಮಾರಿದರೆ ಹಾಕಿದ ಹಣಕ್ಕಿಂತ ಹೆಚ್ಚು ಕಳೆದುಕೊಳ್ಳುವುದೂ ಸಾಧ್ಯ. ಕಲಿಸುವ ಮನಸ್ಸಿದ್ದರೆ ಮೇಲೆ ಹೇಳಿದ ಮೊದಲ ದಾರಿ ಸಾಕು: ಯಾವ ಕಂಪನಿ, ಏಕೆ ಎಂದು ಅವನು ಒಂದು ಪುಟ ಬರೆಯಲಿ, ಒಪ್ಪಿಗೆಯಾದರೆ ನಿಮ್ಮ ಖಾತೆಯಲ್ಲಿ ನೀವೇ ಎರಡೋ ಮೂರೋ ಷೇರು ಕೊಳ್ಳಿ. ಫಲಿತಾಂಶ ಬಂದಾಗ ಇಬ್ಬರೂ ಕೂತು ಓದಿ. ಒಟಿಪಿ ನಿಮ್ಮ ಫೋನಿನಲ್ಲೇ ಇರಲಿ.

ಮಗುವಿಗೆ ಈಗಾಗಲೇ 17. ಈಗ ತೆರೆಯಬೇಕೇ?

ಬೇಡ. ಖಾತೆ ತೆರೆದು, ವರ್ಗಾಯಿಸಿ, ಕೆಲವೇ ತಿಂಗಳಲ್ಲಿ ಮತ್ತೆ ಎಲ್ಲ ಕಾಗದ ಹೊಸದಾಗಿ ಕೊಡಬೇಕು. ಷೇರು ನಿಮ್ಮಲ್ಲೇ ಇರಲಿ. 18 ಆದ ಮೇಲೆ ಅವರೇ ತಮ್ಮ ಖಾತೆ ತೆರೆದುಕೊಳ್ಳುತ್ತಾರೆ, ಆಗ ಕಳಿಸಿ. ಅಜ್ಜನ ಆರೋಗ್ಯ ಕೆಟ್ಟಿದೆ, ಅವರು ಈಗಲೇ ಕೊಡಬೇಕೆನ್ನುತ್ತಾರೆ ಎಂಬಂಥ ಸಂದರ್ಭದಲ್ಲಿ ಮಾತ್ರ ಬೇರೆ ಮಾತು.

18 ತುಂಬಿದ ದಿನ ಮೈನರ್ ಖಾತೆಗೆ ಏನಾಗುತ್ತದೆ?

ಗಾರ್ಡಿಯನ್ ಸಹಿ ಅವತ್ತಿನಿಂದ ನಡೆಯುವುದಿಲ್ಲ. ಮಗ ಅಥವಾ ಮಗಳು ಹೊಸ ಕೆವೈಸಿ ಕೊಡುವವರೆಗೆ ಖಾತೆಯಿಂದ ಷೇರು ಹೊರಗೆ ಹೋಗುವುದಿಲ್ಲ. ಮ್ಯೂಚುವಲ್ ಫಂಡ್ ಆದರೆ ಎಸ್‌ಐಪಿಯೂ ನಿಲ್ಲುತ್ತದೆ. ಇಲ್ಲೂ ಒಂದು ಕ್ರಮ ಇದೆ. ಮೊದಲು ಪ್ಯಾನ್: ಮಕ್ಕಳ ಪ್ಯಾನ್ ಕಾರ್ಡಿನಲ್ಲಿ ಫೋಟೊ, ಸಹಿ ಇರುವುದಿಲ್ಲ, ಅವನ್ನು ಸೇರಿಸಲು ತಿದ್ದುಪಡಿ ಅರ್ಜಿ ಹಾಕಬೇಕು. ಸಂಖ್ಯೆ ಬದಲಾಗುವುದಿಲ್ಲ. ಎರಡನೆಯದು ಬ್ಯಾಂಕ್: ಮೈನರ್ ಖಾತೆಯನ್ನು ಸಾಮಾನ್ಯ ಖಾತೆ ಮಾಡಿಸಿ ಅವರ ಸಹಿ ದಾಖಲಿಸಬೇಕು. ಮೂರನೆಯದು ಡಿಮ್ಯಾಟ್: ಅದೇ ಖಾತೆಯನ್ನು ಗಾರ್ಡಿಯನ್ ಹೆಸರು ತೆಗೆದು ಮುಂದುವರಿಸಬಹುದು, ಅಥವಾ ಹೊಸದು ತೆರೆದು ಷೇರು ಸಾಗಿಸಿ ಹಳೆಯದನ್ನು ಮುಚ್ಚಬಹುದು. ಬ್ರೋಕರ್ ಯಾವುದನ್ನು ಮಾಡಿಕೊಡುತ್ತಾರೆ ಎಂದು ಹುಟ್ಟುಹಬ್ಬಕ್ಕೆ ಎರಡು ತಿಂಗಳು ಮೊದಲೇ ಕೇಳಿ. ಮೈನರ್ ಖಾತೆಗೆ ನಾಮಿನಿ ಹಾಕಲು ಬರುವುದಿಲ್ಲ, ಆದ್ದರಿಂದ ಅದನ್ನೂ ಈ ಹೊತ್ತಿನಲ್ಲೇ ಹಾಕಿಸಿ.

ಈ ಕೆಲಸ ತಡವಾದರೆ ಷೇರು ಎಲ್ಲಿಗೂ ಹೋಗುವುದಿಲ್ಲ. ಬೋನಸ್ ಖಾತೆಗೆ ಬರುತ್ತಲೇ ಇರುತ್ತದೆ. ತೊಂದರೆ ಡಿವಿಡೆಂಡ್‌ನದು. ಮಗ ಮಣಿಪಾಲಕ್ಕೋ ಬೆಂಗಳೂರಿಗೋ ಓದಲು ಹೋಗಿ, ಹಳೆಯ ಮೈನರ್ ಬ್ಯಾಂಕ್ ಖಾತೆ ಮುಚ್ಚಿಹೋಗಿ, ಡಿಮ್ಯಾಟ್‌ನಲ್ಲಿ ಅದೇ ಖಾತೆಯ ಸಂಖ್ಯೆ ಉಳಿದಿದ್ದರೆ ಡಿವಿಡೆಂಡ್ ಹಿಂದಕ್ಕೆ ಹೋಗುತ್ತದೆ. ಹೀಗೆ ಸತತ ಏಳು ವರ್ಷ ಯಾರೂ ಪಡೆಯದಿದ್ದರೆ ಆ ಹಣದ ಜೊತೆ ಷೇರನ್ನೂ ಕಂಪನಿ ಸರ್ಕಾರದ ಐಇಪಿಎಫ್ ನಿಧಿಗೆ ಒಪ್ಪಿಸಬೇಕು. ಅಲ್ಲಿಂದ ಬಿಡಿಸಿಕೊಳ್ಳಬಹುದು, ಆದರೆ ಅದಕ್ಕೆ ಬೇರೆಯೇ ಅರ್ಜಿ, ಕಂಪನಿಯ ಪರಿಶೀಲನೆ, ತಿಂಗಳುಗಟ್ಟಲೆ ಕಾಯುವುದು. ಡಿಮ್ಯಾಟ್‌ನಲ್ಲಿ ಹೊಸ ಬ್ಯಾಂಕ್ ಖಾತೆ ನಮೂದಾಗಿದೆಯೇ ಎಂದು ಮುಂದಿನ ಡಿವಿಡೆಂಡ್ ಬರುವ ಮೊದಲು ಸ್ಟೇಟ್‌ಮೆಂಟ್ ತೆಗೆದು ನೋಡಿ.